ಅಜ್ಜಿ ಯಾಕೆ ಹಕ್ಕಿ ಹಾರಿಸುತ್ತಿದ್ದಳು?

ಪ್ರೀತಿಯ ತಮ್ಮಾ,

ನಿನ್ನ ಕತೆ ತಲುಪಿತು. ಫೋನಿಗೆ ಮಾತಾಡಿ ಬರೆಸಿದ್ದು ಅಂತ ನೀನು ಹೇಳದಿದ್ದರೂ ಗೊತ್ತಾಗುತ್ತಿತ್ತು. ಪುಟಗಟ್ಟಲೆ ಒಂದು ಪೂರ್ಣವಿರಾಮ ಇಲ್ಲ. ಅಲ್ಲಲ್ಲಿ ಕೆಲವು ಪದ ತಿದ್ದಿದ್ದೀಯ, ಆದರೆ ಶುರು ಮಾಡಬೇಕಾದದ್ದು ಅಲ್ಲಿಂದಲ್ಲ. ಮೊದಲು ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಹುಡುಕು. ಪದಗಳನ್ನು ಆಮೇಲೆ ನೋಡು. ಯಾಕೆ ಅನ್ನುವುದು ನಿನ್ನದೇ ಸಾಲುಗಳಲ್ಲಿದೆ:

“ಅಜ್ಜ ಬೆಲೆ ನೋಡಲು ಹೊಲಕ್ಕೆ ಹೋದ ದಾರಿಯಲ್ಲಿ ಮಳೆ ಬಂದರು ನಿಲ್ಲಲಿಲ್ಲ ಮನೆಗೆ ಬಂದು ಕಾಲು ತೊಳೆದ ಅಜ್ಜಿ ಹಕ್ಕಿ ಹಾರಿಸುತ್ತಿದ್ದಳು ಅಜ್ಜ ನಾಳೆ ಪೇಟೆಗೆ ಹೋಗೋಣ ಎಂದ”

ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ಕ್ರಿಯಾಪದ ಕಂಡಲ್ಲೆಲ್ಲ ಚುಕ್ಕಿ ಇಟ್ಟರಾಯಿತು ಅನಿಸಬಹುದು. ‘ಹಾರಿಸುತ್ತಿದ್ದಳು’ ಅಂಥ ಕಡೆ ಅದು ಸರಿ. ಆದರೆ ‘ಹೋದ’ ನೋಡು. ‘ಅಜ್ಜ ಹೊಲಕ್ಕೆ ಹೋದ. ದಾರಿಯಲ್ಲಿ ಮಳೆ…’ ಅಂತಲೂ ಓದಬಹುದು, ‘ಅಜ್ಜ ಹೋದ ದಾರಿಯಲ್ಲಿ ಮಳೆ…’ ಅಂತಲೂ ಓದಬಹುದು. ‘ತೊಳೆದ’ ಇನ್ನೂ ಮೋಸದ್ದು. ಚುಕ್ಕಿ ಬಿಟ್ಟರೆ ಕಾಲು ತೊಳೆದವಳು ಅಜ್ಜಿ ಆಗಿಬಿಡುತ್ತಾಳೆ. ‘ಹೋದನು’, ‘ಹೋದಳು’, ‘ಹೋದರು’ ಇದ್ದಾಗ ಈ ಗೊಂದಲ ಇಲ್ಲ. ಗಂಡಸಿನ ವಿಷಯ ಹೇಳುವಾಗ ‘ನು’ ಬಿಟ್ಟು ‘ಬಂದ’, ‘ಕೂತ’, ‘ಹೇಳಿದ’ ಅಂದಾಗಲೇ ತೊಡಕು. ಅಂಥ ಒಂದೊಂದನ್ನೂ ಎರಡು ರೀತಿ ಗಟ್ಟಿಯಾಗಿ ಓದು. ನೀನು ಹೇಳಿದ್ದು ಯಾವುದು ಅಂತ ಕಿವಿಗೆ ತಿಳಿಯುತ್ತದೆ.

ಇನ್ನು ‘ಮಳೆ ಬಂದರು’. ಮಳೆಗೆ ‘ಬಂದಿತು’ ಅನ್ನಬೇಕು, ‘ಬಂದರು’ ಹೊಂದುವುದಿಲ್ಲ. ಅಂದರೆ ನೀನು ಹೇಳಿದ್ದು ‘ಬಂದರೂ’, ಅಲ್ಲಿ ಚುಕ್ಕಿ ಬೇಡ. ಇದು ಸುಲಭದ್ದು. ‘ನೆಂಟರು ಬಂದರು ಅಡುಗೆ ಆಗಿರಲಿಲ್ಲ’ ಅಂತಿದ್ದರೆ? ‘ಬಂದರು.’ ಕೂಡ ಸರಿ, ‘ಬಂದರೂ’ ಕೂಡ ಸರಿ. ಒಂದು ದೀರ್ಘ ಮತ್ತು ಒಂದು ಚುಕ್ಕಿ ಎರಡನ್ನೂ ಒಟ್ಟಿಗೇ ತೀರ್ಮಾನಿಸಬೇಕು. ಚುಕ್ಕಿ ಮೊದಲು ಅಂದದ್ದು ಇದಕ್ಕೇ.

ವಾಕ್ಯಗಳು ಬಿಡಿಬಿಡಿಯಾದ ಮೇಲೆ ಪದಗಳು ತಾವೇ ಎದ್ದು ಕಾಣುತ್ತವೆ. ಹೊಲಕ್ಕೆ ಹೋಗಿ ಯಾರೂ ಬೆಲೆ ನೋಡುವುದಿಲ್ಲ, ಬೆಳೆ ನೋಡುತ್ತಾರೆ. ಕಾಗುಣಿತ ಪರೀಕ್ಷಕ ಇದನ್ನು ಹಿಡಿಯಲಾರದು. ಎರಡೂ ನಿಘಂಟಿನಲ್ಲಿರುವ ಪದಗಳೇ ಅಲ್ವಾ? ಅಜ್ಜಿ ಮಾಡುತ್ತಿದ್ದದ್ದು ಅಕ್ಕಿ ಆರಿಸುವ ಕೆಲಸ. ನೀನು ಮಾತಲ್ಲಿ ‘ಹ’ಕಾರ ನುಂಗುವವನು, ನಮ್ಮ ಕಡೆಯವರೆಲ್ಲ ಹಾಗೇ. ಆದರೆ ಯಂತ್ರ ಸದ್ದನ್ನು ಮಾತ್ರ ನೋಡುವುದಿಲ್ಲ, ಪಕ್ಕದ ಪದಕ್ಕೆ ಯಾವುದು ಹೊಂದುತ್ತದೆ ಅಂತಲೂ ನೋಡುತ್ತದೆ. ಒಂದು ಕಡೆ ‘ಹಕ್ಕಿ’ ಅಂದುಕೊಂಡರೆ ಮುಂದೆ ‘ಹಾರಿಸು’ ಸಲೀಸಾಗಿ ಬಂದುಬಿಡುತ್ತದೆ. ಹೀಗೆ ತಪ್ಪುಗಳು ಜೋಡಿಯಾಗಿ ಬರುತ್ತವೆ. ವ್ಯಾಕರಣ ಸರಿ, ವಾಕ್ಯವೂ ಚಂದ, ನೀನು ಹೇಳಿದ್ದು ಮಾತ್ರ ಅದಲ್ಲ. ಒಂದು ತಪ್ಪು ಸಿಕ್ಕಿದರೆ ಅಕ್ಕಪಕ್ಕ ಇನ್ನೊಂದು ಇದೆಯಾ ನೋಡು.

ನಿನ್ನ ನಾಲಿಗೆ ಎಲ್ಲಿ ಜಾರುತ್ತದೆ ಅಂತ ನಿನಗೇ ಗೊತ್ತು. ಕಾಲು–ಕಾಳು, ಹಲ್ಲಿ–ಹಳ್ಳಿ, ಅನ್ನ–ಅಣ್ಣ, ಮದ್ಯ–ಮಧ್ಯ, ದನ–ಧನ ಹೀಗೆ ನಿನ್ನದೇ ಜೋಡಿಗಳನ್ನು ಬರೆದಿಟ್ಟುಕೊಂಡು, ಒಂದೊಂದನ್ನೂ ಕಡತದಲ್ಲಿ ಹುಡುಕು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಮಾತ್ರ ಒತ್ತಬೇಡ. ‘ಕಾಲು’ ಇದ್ದಲ್ಲೆಲ್ಲ ‘ಕಾಳು’ ಹಾಕಿದರೆ ಊರಿನ ಕಾಲುವೆ ‘ಕಾಳುವೆ’ ಆಗುತ್ತದೆ. ನಿನ್ನ ಸಂತೆಯ ದೃಶ್ಯದಲ್ಲಿ ‘ಬೆಲೆ’ಯೇ ಸರಿ, ಅದು ಹಾಗೇ ಇರಲಿ.

ಕೊನೆಗೆ ಉದ್ಧರಣ ಚಿಹ್ನೆ. ಮಾತು ಎಲ್ಲಿ ಮುಗಿಯಿತು ಅಂತ ‘ಎಂದ’, ‘ಅಂತ’ ಹೇಳಿಬಿಡುತ್ತವೆ. ಎಲ್ಲಿ ಶುರುವಾಯಿತು ಅಂತ ಹೇಳುವವರಿಲ್ಲ. ‘ಅಜ್ಜ, “ನಾಳೆ ಪೇಟೆಗೆ ಹೋಗೋಣ” ಎಂದ’ ಆದರೆ ಮಾತು ಅಜ್ಜನದು. ‘“ಅಜ್ಜ, ನಾಳೆ ಪೇಟೆಗೆ ಹೋಗೋಣ” ಎಂದ’ ಆದರೆ ಮೊಮ್ಮಗನದು. ಇಲ್ಲಿ ನಾನು ನಿನಗೆ ತಿದ್ದಿಕೊಡಲಾರೆ, ಯಾರ ಮಾತು ಅಂತ ನನಗೇ ಗೊತ್ತಾಗಲಿಲ್ಲ.

ಬರೆಸಿದ ದಿನವೇ ತಿದ್ದಿಬಿಡು. ನಾಲ್ಕು ದಿನ ಬಿಟ್ಟರೆ ‘ಬಂದರು’ ಅಂದಿದ್ದೆನೋ ‘ಬಂದರೂ’ ಅಂದಿದ್ದೆನೋ ನಿನಗೂ ನೆನಪಿರುವುದಿಲ್ಲ. ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ಅದರಲ್ಲಿ ರೆಕಾರ್ಡರ್ ಹಾಕಿ ಪಕ್ಕದಲ್ಲಿಟ್ಟುಕೋ. ಅನುಮಾನ ಬಂದ ಜಾಗವನ್ನಷ್ಟೇ ಮತ್ತೆ ಕೇಳಿದರೆ ಸಾಕು.

ಇಂತಿ,
ನಿನ್ನ ಅಣ್ಣ