ನಾಳದ ಗೋಡೆ ದಾಟದ ಸ್ತನ ಕ್ಯಾನ್ಸರ್: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ

ಮಾನ್ಯರೇ,

ಸ್ತನದ ಬಯಾಪ್ಸಿ ಸ್ಲೈಡುಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ನಮ್ಮಲ್ಲಿ ಹೆಚ್ಚಿನ ಹೆಂಗಸರು ಗಂಟು ಕೈಗೆ ಸಿಕ್ಕ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಮ್ಯಾಮೊಗ್ರಾಮ್ ಯಂತ್ರಗಳು ಜಿಲ್ಲೆಗಳಿಗೆ ಹೋದಂತೆ ಗಂಟೇ ಇಲ್ಲದ ಇನ್ನೊಂದು ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ: ಡಕ್ಟಲ್ ಕಾರ್ಸಿನೋಮಾ ಇನ್ ಸೈಟು, ಚಿಕ್ಕದಾಗಿ ಡಿಸಿಐಎಸ್. ಯಂತ್ರ ಕೊಳ್ಳುವ ಮೊದಲೇ ಇದರ ಬಗ್ಗೆ ನೀವು ಯೋಚಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

52 ವರ್ಷದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ನೋವಿಲ್ಲ, ಗಂಟಿಲ್ಲ. ಮ್ಯಾಮೊಗ್ರಾಮಿನಲ್ಲಿ ಸುಣ್ಣದ ಸಣ್ಣ ಚುಕ್ಕೆಗಳ ಗುಂಪೊಂದು ಕಂಡಿದೆ, ಅಗಲ 12 ಮಿ.ಮೀ. ಸೂಜಿ ಬಯಾಪ್ಸಿ ಮಾಡಿದಾಗ ಹಾಲಿನ ನಾಳದ ಒಳಗೆ ಕ್ಯಾನ್ಸರ್ ಕಣಗಳು ತುಂಬಿಕೊಂಡಿವೆ. ಆದರೆ ನಾಳದ ಸುತ್ತಲಿನ ತೆಳು ಪೊರೆ ಎಲ್ಲೂ ಹರಿದಿಲ್ಲ. ರಕ್ತನಾಳಗಳು, ಲಿಂಫ್ ದ್ರವದ ನಾಳಗಳು ಇರುವುದು ಆ ಪೊರೆಯ ಆಚೆ. ಅದನ್ನು ದಾಟದ ಕಣ ಕಂಕುಳಿಗಾಗಲಿ ಮೂಳೆಗಾಗಲಿ ಹೋಗಲಾರದು. ಇದನ್ನು ಸೊನ್ನೆ ಹಂತ ಎನ್ನುವುದು ಇದಕ್ಕೇ.

ಕೆಲವರಲ್ಲಿ ಈ ಕಣಗಳು ಮುಂದೆ ಪೊರೆ ದಾಟುತ್ತವೆ, ಹಲವರಲ್ಲಿ ಜೀವನಪೂರ್ತಿ ದಾಟುವುದಿಲ್ಲ. ಯಾರಲ್ಲಿ ದಾಟುತ್ತವೆ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಕಣಗಳ ದರ್ಜೆ, ಅಂದರೆ ಅವು ಸಹಜ ಕಣಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ ಎಂಬುದು, ಒಂದಿಷ್ಟು ಸುಳಿವು ಕೊಡುತ್ತದೆ; ಉನ್ನತ ದರ್ಜೆಯದ್ದು ಹೆಚ್ಚು ಅಪಾಯಕಾರಿ. ಹಾಗಾಗಿ ದಶಕಗಳಿಂದ ಎಲ್ಲರಿಗೂ ಆಪರೇಷನ್, ಹಲವರಿಗೆ ಅದರ ಮೇಲೆ ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್, ಕೆಲವರಿಗೆ ಇಡೀ ಸ್ತನವನ್ನೇ ತೆಗೆಯುವುದು ನಡೆದುಬಂದಿದೆ.

ಇಷ್ಟೆಲ್ಲ ಬೇಕೇ ಎಂಬುದೇ ಈಗಿನ ಚರ್ಚೆ. ಹಳೆಯ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಾಯಿಲೆ ಇದ್ದ ಭಾಗವನ್ನಷ್ಟೇ ತೆಗೆಸಿಕೊಂಡ ನೂರು ಜನರಲ್ಲಿ ಸುಮಾರು 28 ಮಂದಿಗೆ ಹತ್ತು ವರ್ಷದೊಳಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತು. ರೇಡಿಯೇಷನ್ ಪಡೆದವರಲ್ಲಿ ಅದು ಸುಮಾರು 13ಕ್ಕೆ ಇಳಿಯಿತು. ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ರೇಡಿಯೇಷನ್ ಮರುಕಳಿಕೆಯನ್ನು ತಡೆಯುತ್ತದೆ ಎನ್ನಬಹುದು, ಪ್ರಾಣ ಉಳಿಸುತ್ತದೆ ಎಂದು ಹೆದರಿಸಿ ಒಪ್ಪಿಸುವುದು ತಪ್ಪು.

ಅಮೆರಿಕದ ಕಾಮೆಟ್ ಪ್ರಯೋಗ ಇನ್ನೂ ಮುಂದೆ ಹೋಯಿತು. ಕಡಿಮೆ ಮತ್ತು ಮಧ್ಯಮ ದರ್ಜೆಯ, ಹಾರ್ಮೋನ್‌ಗೆ ಸ್ಪಂದಿಸುವ ಡಿಸಿಐಎಸ್ ಇದ್ದ, 40 ದಾಟಿದ ಹೆಂಗಸರಲ್ಲಿ ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಆರು ತಿಂಗಳಿಗೊಮ್ಮೆ ನಿಗಾ. 2024ರ ಡಿಸೆಂಬರಿನಲ್ಲಿ ಬಂದ ಎರಡು ವರ್ಷದ ಫಲಿತಾಂಶದಲ್ಲಿ ಪೊರೆ ದಾಟಿದ ಕ್ಯಾನ್ಸರ್ ಆಪರೇಷನ್ ಗುಂಪಿನಲ್ಲಿ 5.9%, ನಿಗಾ ಗುಂಪಿನಲ್ಲಿ 4.2%. ನನಗೆ ಇದು ಸಮಾಧಾನ ತಂದ ಸುದ್ದಿ, ಆದರೂ ಎರಡು ವರ್ಷ ಬಹಳ ಕಡಿಮೆ. ನಿಗಾ ಗುಂಪಿನ ಹೆಚ್ಚಿನವರು ಹಾರ್ಮೋನ್ ತಡೆಯುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಸೂಜಿಗೆ ಸಿಕ್ಕ ಚೂರಿನ ಪಕ್ಕದಲ್ಲೇ ಪೊರೆ ದಾಟಿದ ಕಣಗಳು ಅಡಗಿರುವುದೂ ಉಂಟು. ಅದು ತಿಳಿಯುವುದು ಆಪರೇಷನ್ ಆದ ಮೇಲೆ.

ಆದ್ದರಿಂದ ‘ಯಾರಿಗೂ ಆಪರೇಷನ್ ಬೇಡ’ ಎಂದು ನಾನು ಹೇಳುತ್ತಿಲ್ಲ. ಆರು ತಿಂಗಳಿಗೊಮ್ಮೆ ಮ್ಯಾಮೊಗ್ರಾಮಿಗೆ ಬರಲಾಗದ ಹಳ್ಳಿಯ ಹೆಂಗಸಿಗೆ ನಿಗಾ ಎಂದರೆ ಕೈಬಿಟ್ಟಂತೆ. ಅವಳಿಗೆ ಸಣ್ಣ ಆಪರೇಷನ್ನೇ ಮೇಲು. ಬೆಂಗಳೂರಿನಲ್ಲಿದ್ದು ತಪ್ಪದೆ ಬರಬಲ್ಲವಳ ಲೆಕ್ಕ ಬೇರೆ. ಇಬ್ಬರಿಗೂ ಯೋಚಿಸಲು ಕೆಲವು ವಾರಗಳ ಸಮಯವಿದೆ. ‘ನಾಳೆಯೇ ಸ್ತನ ತೆಗೆಸಿ’ ಎಂಬ ಅವಸರಕ್ಕೆ ಇಲ್ಲಿ ಕಾರಣವಿಲ್ಲ.

ನನ್ನ ಕೋರಿಕೆ ಇಷ್ಟು. ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಡಿಸಿಐಎಸ್ ವರದಿಯಲ್ಲಿ ದರ್ಜೆ ಮತ್ತು ಹಾರ್ಮೋನ್ ಪರೀಕ್ಷೆಯ ಫಲಿತಾಂಶ ಇರಲೇಬೇಕು. ಆಪರೇಷನ್ ಆಗಿದ್ದರೆ ಗಾತ್ರವನ್ನೂ, ತೆಗೆದ ಭಾಗದ ಅಂಚಿನಲ್ಲಿ 2 ಮಿ.ಮೀ. ಕ್ಯಾನ್ಸರ್ ಇಲ್ಲದ ಜಾಗ ಸಿಕ್ಕಿದೆಯೇ ಎಂಬುದನ್ನೂ ಬರೆಯಬೇಕು. ದರ್ಜೆಯ ವಿಷಯದಲ್ಲಿ ಇಬ್ಬರು ಪೆಥಾಲಜಿಸ್ಟರ ಅಭಿಪ್ರಾಯ ಬೇರೆಯಾಗುವುದು ಸಾಮಾನ್ಯ. ಆದುದರಿಂದ ಇಡೀ ಸ್ತನ ತೆಗೆಯುವ ಮುನ್ನ ಸ್ಲೈಡನ್ನು ಎರಡನೆಯವರಿಗೆ ಕಡ್ಡಾಯವಾಗಿ ತೋರಿಸಬೇಕು. ಕಿದ್ವಾಯಿಯಂಥ ಸಂಸ್ಥೆ ಈ ಹೊಣೆ ಹೊರಬಲ್ಲದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಮೇಲಿನ 28 ಮತ್ತು 13ರ ಲೆಕ್ಕವನ್ನು, ಸಾವಿನ ಪ್ರಮಾಣ ಬದಲಾಗಲಿಲ್ಲ ಎಂಬುದನ್ನೂ ಸೇರಿಸಿ, ಕನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚುಮಾಡಿ ರೋಗಿಯ ಕೈಗೆ ಕೊಡಬೇಕು. ಮುಂದಿನ ಮ್ಯಾಮೊಗ್ರಾಮ್ ಟೆಂಡರ್ ಕರೆಯುವಾಗಲೇ ಈ ಮೂರಕ್ಕೂ ಆದೇಶ ಹೊರಡಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೆಥಾಲಜಿಸ್ಟ್