ತಪ್ಪಿಹೋದ ಅವಘಡಗಳನ್ನು ಬಂದು ಹೇಳಿದವರಿಗೆ

ಮಾನ್ಯರೇ, ಸಹೋದ್ಯೋಗಿ ಮಿತ್ರರೇ,

ಈ ಬೀಳ್ಕೊಡುಗೆಯ ಸಭೆಯಲ್ಲಿ ನನ್ನ ಸೇವೆಯ ಬಗ್ಗೆ ನೀವು ಆಡಿದ ಒಳ್ಳೆಯ ಮಾತುಗಳಿಗೆ ಋಣಿಯಾಗಿದ್ದೇನೆ. ನಿರ್ಮಾಣ ಸ್ಥಳದ ಸುರಕ್ಷತಾ ಅಧಿಕಾರಿಯಾಗಿ ನಾನು ಕಲಿತದ್ದರಲ್ಲಿ ಬಹುಪಾಲು, ಏನೂ ಅನಾಹುತವಾಗದೆ ಮುಗಿದ ಘಟನೆಗಳನ್ನು ಬಂದು ಹೇಳಿದವರಿಂದ ಬಂದದ್ದು. ಅಪಘಾತವಾದರೆ ಯಾರೂ ಹೇಳದಿದ್ದರೂ ಎಲ್ಲರಿಗೂ ತಿಳಿಯುತ್ತದೆ. ಆದರೆ ನಾವು ನಿಯರ್ ಮಿಸ್ ಎಂದು ಕರೆಯುವ, ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನು ಕಂಡವರು ಬಾಯಿ ಬಿಡದಿದ್ದರೆ ಅದು ಸಂಜೆಯ ಹೊತ್ತಿಗೆ ನಡೆದೇ ಇಲ್ಲವೆಂಬಂತೆ ಅಳಿಸಿಹೋಗುತ್ತದೆ. ಹಾಗೆ ಅಳಿಸಿಹೋಗಲು ಬಿಡದ ಜನರಿಗೆ ಇಂದು ಕೃತಜ್ಞತೆ ಹೇಳಬೇಕಾಗಿದೆ. ಅದನ್ನು ಸಾರಾಸಗಟಾಗಿ ಹೇಳುವುದಕ್ಕಿಂತ, ನಮ್ಮಲ್ಲಿ ಹಲವರು ಕಣ್ಣಾರೆ ಕಂಡ ಒಂದು ಘಟನೆಯನ್ನೇ ವಿವರವಾಗಿ ನೆನೆಯುವುದು ಸರಿಯೆಂದು ನನಗೆ ಅನ್ನಿಸುತ್ತದೆ.

ಮೊಬೈಲ್ ಕ್ರೇನ್ ವಾಲದಂತೆ ಬದಿಗೆ ಚಾಚಿ ನೆಲಕ್ಕೂರುವ ಕಾಲಾದ ಔಟ್‌ರಿಗರ್ ಕುಸಿದ ಆ ಬೆಳಗ್ಗೆ ಎತ್ತಬೇಕಾಗಿದ್ದುದು ಸುಮಾರು 6 ಟನ್ ತೂಕದ ಕಾಂಕ್ರೀಟ್ ಪ್ಯಾನೆಲ್. ಕ್ರೇನಿನ ತೂಕ ಸುಮಾರು 30 ಟನ್. ಲೋಡ್ ಚಾರ್ಟಿನ ಪ್ರಕಾರ ಆ ದೂರಕ್ಕೆ ಆ ತೂಕ ಸಲೀಸಾಗಿ ಎತ್ತಬಹುದಾದದ್ದು; ಕ್ಯಾಬಿನ್ನಿನ ಲೋಡ್ ಇಂಡಿಕೇಟರ್ ಕೊನೆಯವರೆಗೂ ಹಸಿರು ದೀಪವನ್ನೇ ತೋರಿಸುತ್ತಿತ್ತು. ಸ್ಲಿಂಗ್‌ಗಳನ್ನು ಪರೀಕ್ಷಿಸಲಾಗಿತ್ತು, ಪರ್ಮಿಟ್‌ಗೆ ಸಹಿಯಾಗಿತ್ತು, ನಿಯಮದಂತೆ ಪ್ಯಾನೆಲನ್ನು ಒಂದಡಿ ಮೇಲಕ್ಕೆತ್ತಿ ಸ್ವಲ್ಪ ಹೊತ್ತು ಹಿಡಿದು ನೋಡುವ ಟ್ರಯಲ್ ಲಿಫ್ಟ್ ಕೂಡ ಮುಗಿದಿತ್ತು. ಆಮೇಲೆ ಕ್ರೇನಿನ ಉದ್ದ ತೋಳಾದ ಬೂಮ್ ತಿರುಗತೊಡಗಿದಾಗ, ಹಿಂಬದಿಯ ಬಲ ಮೂಲೆಯ ಔಟ್‌ರಿಗರ್ ಪಾದದ ಸುತ್ತ ನೆಲದಲ್ಲಿ ಕಮಾನಿನಂತೆ ಒಂದು ಬಿರುಕು ಮೂಡಿತು. ಅದನ್ನು ಕಂಡ, ಹೊರೆ ಕಟ್ಟುವ ನಮ್ಮ ರಿಗ್ಗರ್ ಎರಡೂ ಕೈ ಎತ್ತಿ ನಿಲ್ಲಿಸುವಂತೆ ಕೂಗಿದರು. ಆಗಲೇ ಆ ಪಾದ ಸುಮಾರು 6 ಸೆಂಟಿಮೀಟರ್ ಇಳಿದಿತ್ತು.

ಆರು ಸೆಂಟಿಮೀಟರ್ ಎಂದರೆ ಹೆಚ್ಚೇನಲ್ಲ ಎಂದು ಆ ದಿನ ಕೆಲವರು ಹೇಳಿದ್ದುಂಟು. ಎದುರುಬದುರಿನ ಔಟ್‌ರಿಗರ್‌ಗಳ ನಡುವಿನ ಅಂತರ 6 ಮೀಟರ್ ಇದ್ದಾಗ ಒಂದು ಬದಿ 6 ಸೆಂಟಿಮೀಟರ್ ಕುಸಿದರೆ ಯಂತ್ರ ನೂರಕ್ಕೆ ಒಂದರಷ್ಟು ವಾಲುತ್ತದೆ; 30 ಮೀಟರ್ ಎತ್ತರದಲ್ಲಿರುವ ಬೂಮಿನ ತುದಿ ಆಗ ಸುಮಾರು 30 ಸೆಂಟಿಮೀಟರ್ ಹೊರಕ್ಕೆ ಸರಿಯುತ್ತದೆ. ತುದಿ ಹೊರಕ್ಕೆ ಸರಿದಂತೆ ಹೊರೆಯೂ ಕ್ರೇನಿನಿಂದ ದೂರವಾಗುತ್ತದೆ, ಅದರಿಂದ ಕುಸಿಯುತ್ತಿರುವ ಮೂಲೆಯ ಮೇಲೆಯೇ ಇನ್ನಷ್ಟು ಭಾರ ಬೀಳುತ್ತದೆ, ಆ ಭಾರಕ್ಕೆ ಮೂಲೆ ಮತ್ತಷ್ಟು ಇಳಿಯುತ್ತದೆ. ಒಮ್ಮೆ ಶುರುವಾದರೆ ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಲನೆಯಾದ್ದರಿಂದ, ಬಿರುಕು ಕಂಡ ಕ್ಷಣಕ್ಕೂ ಕ್ರೇನ್ ಮಗುಚುವ ಕ್ಷಣಕ್ಕೂ ನಡುವೆ ಯೋಚಿಸಲು ಹೆಚ್ಚು ಸಮಯವಿರುವುದಿಲ್ಲ.

ಆ ಅಲ್ಪ ಸಮಯದಲ್ಲಿ ನಮ್ಮ ಆಪರೇಟರ್ ಮಾಡಿದ್ದನ್ನು ಈ ಸಭೆಯ ಮುಂದೆ ಕೃತಜ್ಞತೆಯಿಂದ ನೆನೆಯಬೇಕು. ಬಂದ ದಾರಿಯಲ್ಲೇ ಬೂಮನ್ನು ರಭಸದಿಂದ ಹಿಂದಕ್ಕೆ ತಿರುಗಿಸಬೇಕೆನ್ನಿಸುವುದು ಸಹಜ, ಆದರೆ ಹಾಗೆ ಮಾಡಿದರೆ ಹೊರೆ ತೂಗಾಡಿ ಕುಸಿಯುತ್ತಿರುವ ಮೂಲೆಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಬೂಮನ್ನೇ ಕೆಳಗೆ ಬಾಗಿಸಿದರೆ ಹೊರೆ ಮತ್ತಷ್ಟು ದೂರ ಹೋಗುತ್ತದೆ. ಅವರು ಎರಡನ್ನೂ ಮಾಡದೆ, ತಿರುಗುವುದನ್ನು ಮೆಲ್ಲಗೆ ನಿಲ್ಲಿಸಿ, ಹಗ್ಗವನ್ನಷ್ಟೇ ಬಿಟ್ಟು ಪ್ಯಾನೆಲನ್ನು ನೇರವಾಗಿ ಕೆಳಗಿಟ್ಟರು. ಪ್ಯಾನೆಲ್ ನೆಲ ಮುಟ್ಟಿದೊಡನೆ ಮೂಲೆಯ ಮೇಲಿದ್ದ ಹೆಚ್ಚುವರಿ ಭಾರ ಇಳಿಯಿತು. ಇದು ಸಾಧ್ಯವಾದದ್ದು ಅವರು ಹೊರೆಯನ್ನು ದಾರಿಯುದ್ದಕ್ಕೂ ನೆಲದಿಂದ ಒಂದೆರಡು ಅಡಿ ಎತ್ತರದಲ್ಲಷ್ಟೇ ಒಯ್ಯುತ್ತಿದ್ದುದರಿಂದ, ಮತ್ತು ಅದರ ಕೆಳಗಾಗಲಿ ಪಕ್ಕದಲ್ಲಾಗಲಿ ಯಾರೂ ಇಲ್ಲದಂತೆ ಸಿಗ್ನಲ್‌ಮನ್ ದಾರಿಯನ್ನು ತೆರವು ಮಾಡಿಸಿದ್ದುದರಿಂದ.

ವಿಚಾರಣೆಗೆ ಕುಳಿತಾಗ ಮೊದಲ ಕರಡಿನಲ್ಲಿ ಕಾರಣವೆಂದು ಬರೆದಿದ್ದುದು "ಆಪರೇಟರ್ ನೆಲವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂಬ ಒಂದೇ ಸಾಲು. ಆ ಸಾಲನ್ನು ಒಪ್ಪಿಕೊಂಡಿದ್ದರೆ ಕಡತ ಅಂದೇ ಮುಚ್ಚುತ್ತಿತ್ತು, ಅಪಾಯ ಮಾತ್ರ ನೆಲದಲ್ಲೇ ಉಳಿಯುತ್ತಿತ್ತು. ಪಾದ ಕುಸಿದ ಜಾಗವನ್ನು ಅಗೆಸಿ ನೋಡಿದಾಗ ಸಿಕ್ಕಿದ್ದು ಕೆಲವು ವಾರಗಳ ಹಿಂದೆ ನೀರಿನ ಕೊಳವೆಗಾಗಿ ತೋಡಿ ಮತ್ತೆ ಮುಚ್ಚಿದ ಕಾಲುವೆ. ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡುವ ಬದಲು ಒಮ್ಮೆಗೇ ಸುರಿದು, ಮೇಲಿನ ಪದರಕ್ಕೆ ಮಾತ್ರ ರೋಲರ್ ಹಾಯಿಸಿ, ಅದರ ಮೇಲೆ ಜಲ್ಲಿ ಹರಡಲಾಗಿತ್ತು. ನಡುವೆ ಬಂದ ಮಳೆಯ ನೀರು ಒಳಗೆ ಇಳಿದಿತ್ತು. ಮೇಲಿನಿಂದ ನೋಡುವವರಿಗೆ ಅದು ಪಕ್ಕದ ನೆಲದಷ್ಟೇ ಗಟ್ಟಿಯಾಗಿ ಕಾಣುತ್ತಿದ್ದುದರಿಂದ, ಆಪರೇಟರ್ ಎಷ್ಟು ಜಾಗರೂಕರಾಗಿದ್ದರೂ ಅವರಿಗೆ ಅದು ತಿಳಿಯುವಂತಿರಲಿಲ್ಲ.

ಇಲ್ಲಿ ಲೆಕ್ಕವನ್ನು ಒಮ್ಮೆ ನೋಡಬೇಕು. ಕ್ರೇನ್ ಮತ್ತು ಹೊರೆ ಸೇರಿ 36 ಟನ್. ಬೂಮ್ ಒಂದು ಮೂಲೆಯ ಮೇಲೆ ಬಂದಾಗ ಒಟ್ಟು ಭಾರದ ಮುಕ್ಕಾಲು ಪಾಲು ಆ ಒಂದೇ ಔಟ್‌ರಿಗರ್‌ ಮೇಲೆ ಬೀಳಬಹುದು ಎಂದು ಎಣಿಸಿದರೆ ಅದು 27 ಟನ್. ಪಾದದ ಉಕ್ಕಿನ ತಟ್ಟೆ 60 ಸೆಂಟಿಮೀಟರ್ ಚೌಕದ್ದಾಗಿದ್ದರೆ ನೆಲದ ಮೇಲೆ ಚದರ ಮೀಟರಿಗೆ 75 ಟನ್ ಒತ್ತಡ ಬೀಳುತ್ತದೆ. ಅದೇ ಪಾದದ ಕೆಳಗೆ ಒಂದೂವರೆ ಮೀಟರ್ ಚೌಕದ, ಬಾಗದಷ್ಟು ದಪ್ಪದ ಮ್ಯಾಟ್ ಹಾಕಿದರೆ ಒತ್ತಡ 12 ಟನ್ನಿಗೆ ಇಳಿಯುತ್ತದೆ. ಬಾಗದಷ್ಟು ದಪ್ಪ ಎಂಬುದು ಮುಖ್ಯ, ಏಕೆಂದರೆ ತೆಳುವಾದ ಪ್ಲೈವುಡ್ ಹಾಳೆ ಎಷ್ಟೇ ಅಗಲವಾಗಿದ್ದರೂ ಮಧ್ಯದಲ್ಲಿ ಬಾಗಿ, ತಟ್ಟೆಯಷ್ಟೇ ಜಾಗದಲ್ಲಿ ಭಾರವನ್ನು ಇಳಿಸುತ್ತದೆ. ಆ ದಿನ ಇದ್ದದ್ದು ತಟ್ಟೆಗಿಂತ ಸ್ವಲ್ಪವೇ ಅಗಲವಾದ ಹಲಗೆಗಳು. ಹಾಗೆಂದು ಮ್ಯಾಟ್ ಹಾಕಿದ್ದರೆ ಸಾಕಿತ್ತು ಎಂದೂ ಹೇಳಲಾಗದು. ದಮ್ಮಸು ಕಾಣದ, ನೀರು ಕುಡಿದ ಮಣ್ಣು ಆ 12 ಟನ್ನನ್ನೂ ಹೊರುತ್ತದೆಂದು ನಂಬುವಂತಿಲ್ಲ. ಅಂಥ ಕಡೆ ಕ್ರೇನನ್ನು ಬೇರೆ ಕಡೆ ನಿಲ್ಲಿಸುವುದೊಂದೇ ಸರಿಯಾದ ಉತ್ತರ. ಲೋಡ್ ಚಾರ್ಟಿನ ಪ್ರತಿಯೊಂದು ಅಂಕಿಯೂ ನೆಲ ಗಟ್ಟಿಯಾಗಿದೆ, ಯಂತ್ರ ಮಟ್ಟವಾಗಿದೆ ಎಂಬ ಷರತ್ತಿನ ಮೇಲೆ ನಿಂತಿದೆ. ಇಂಡಿಕೇಟರಿಗೆ ಬೂಮಿನ ಉದ್ದ, ಕೋನ, ಹೊರೆಯ ತೂಕ ತಿಳಿಯುತ್ತದೆಯೇ ಹೊರತು ಮಣ್ಣಿನ ಬಲ ತಿಳಿಯುವುದಿಲ್ಲ.

ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಆ ಟ್ರಯಲ್ ಲಿಫ್ಟ್. ಅದು ಯಶಸ್ವಿಯಾಗಿತ್ತಲ್ಲ, ಮತ್ತೇಕೆ ಹೀಗಾಯಿತು ಎಂದು ನಾವೆಲ್ಲ ಗೊಂದಲದಲ್ಲಿದ್ದಾಗ ಉತ್ತರ ಕೊಟ್ಟವರು ಅದೇ ರಿಗ್ಗರ್. "ಎತ್ತಿ ನೋಡುವಾಗ ಬೂಮ್ ಎಡಕ್ಕಿತ್ತು ಸರ್, ಭಾರ ಬಿದ್ದದ್ದು ಎಡಗಾಲಿನ ಮೇಲೆ. ಬಲಗಾಲನ್ನು ನಾವು ಪರೀಕ್ಷೆ ಮಾಡಲೇ ಇಲ್ಲ," ಎಂದರು. ಟ್ರಯಲ್ ಲಿಫ್ಟ್ ಸ್ಲಿಂಗ್‌ಗಳ ಕಟ್ಟು, ಹೊರೆಯ ಸಮತೋಲ ಮತ್ತು ಬ್ರೇಕನ್ನು ಪರೀಕ್ಷಿಸುತ್ತದೆ. ನೆಲವನ್ನು ಪರೀಕ್ಷಿಸಿದರೂ ಬೂಮ್ ಆಗ ಇರುವ ದಿಕ್ಕಿನ ನೆಲವನ್ನಷ್ಟೇ. ಅಂದಿನಿಂದ ನಮ್ಮಲ್ಲಿ ಮೊದಲ ಬಾರಿ ಬೂಮ್ ತಿರುಗುವಾಗ ಹೊರೆಯನ್ನು ನೋಡದೆ ಪಾದಗಳನ್ನೇ ನೋಡುವುದಕ್ಕೆ ಒಬ್ಬರು ನಿಲ್ಲುತ್ತಾರೆ, ಅವರಿಗೆ ನಿಲ್ಲಿಸುವ ಅಧಿಕಾರವಿರುತ್ತದೆ. ಈ ನಿಯಮ ನಾನು ಮಾಡಿದ್ದೆಂದು ಇಂದು ಒಬ್ಬರು ಹೇಳಿದರು. ನಾನು ಅದನ್ನು ಬರೆದೆನಷ್ಟೇ. ಅದು ಆ ರಿಗ್ಗರ್‌ ಅವರದು, ಮತ್ತು ಅವರಿಗೆ ನನ್ನ ನಮಸ್ಕಾರ.

ಇನ್ನೊಂದು ಕಾರಣ ಕಚೇರಿಯೊಳಗೇ ಇತ್ತು. ಕಾಲುವೆ ಅಗೆಯುವ ಪರ್ಮಿಟ್ ಒಂದು ಮೇಜಿನಲ್ಲಿ ಮುಕ್ತಾಯವಾಗಿತ್ತು, ಕ್ರೇನಿನ ಪರ್ಮಿಟ್ ಇನ್ನೊಂದು ಮೇಜಿನಲ್ಲಿ ಹುಟ್ಟಿತ್ತು, ಎರಡೂ ಒಂದೇ ನಕ್ಷೆಯನ್ನು ನೋಡಿರಲಿಲ್ಲ. ಮುಚ್ಚಿದ ಕಾಲುವೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಗುರುತಿಸುವುದು, ಸ್ಥಳದಲ್ಲೂ ಅವುಗಳ ಎರಡೂ ಅಂಚಿಗೆ ಬಣ್ಣದ ಗೂಟ ನೆಡುವುದು, ಆ ನಕ್ಷೆಯನ್ನು ಲಗತ್ತಿಸದ ಹೊರತು ಕ್ರೇನಿನ ಪರ್ಮಿಟ್‌ಗೆ ಸಹಿ ಹಾಕದಿರುವುದು ಎಂಬ ಮೂರು ಬದಲಾವಣೆಗಳನ್ನು ಒಪ್ಪಿಕೊಂಡು ಜಾರಿಗೆ ತಂದ ಯೋಜನಾ ವಿಭಾಗದ ಎಂಜಿನಿಯರರಿಗೂ ಕೃತಜ್ಞನಾಗಿದ್ದೇನೆ.

ಇಷ್ಟೆಲ್ಲ ತಿಳಿದದ್ದು ಒಬ್ಬರು ಕೂಗಿದ್ದರಿಂದ, ಆಮೇಲೆ ಅದನ್ನು ಮುಚ್ಚಿಡದೆ ಹೇಳಿದ್ದರಿಂದ. ಹೇಳುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ದಿನಗೂಲಿಯವರಿಗೆ ಕೆಲಸ ನಿಂತರೆ ಕೂಲಿ ನಿಲ್ಲುವ ಭಯ, ಮೇಸ್ತ್ರಿಗೆ ಗುತ್ತಿಗೆದಾರರ ಭಯ, ಎಂಜಿನಿಯರರಿಗೆ ಗಡುವಿನ ಭಯ. ಹೇಳಿದವರ ಹೆಸರನ್ನು ಮೊದಲು ಕೇಳುವ ಕಡೆ ಎರಡನೆಯ ವರದಿ ಬರುವುದಿಲ್ಲ. ಹೇಳಿದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಉತ್ತರ ಸಿಗದ ಕಡೆಯೂ ಬರುವುದಿಲ್ಲ. ಯಾವುದಾದರೂ ತಿಂಗಳು ನಿಯರ್ ಮಿಸ್ ಪುಸ್ತಕ ಖಾಲಿಯಿದ್ದರೆ ನನಗೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚಾಗುತ್ತಿತ್ತು. ಆದರೆ ತಿಂಗಳಿಗೆ ಇಷ್ಟು ವರದಿ ಬರಲೇಬೇಕು ಎಂಬ ಗುರಿಯಿಟ್ಟರೂ ಪುಸ್ತಕ ತುಂಬುವುದು ದಾರಿಯಲ್ಲಿ ಬಿದ್ದ ಮೊಳೆಗಳಂಥ ಸಣ್ಣಪುಟ್ಟ ವರದಿಗಳಿಂದ.

ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದ ಘಟನೆ ಇರುತ್ತವೆಂದು ಹರ್ಬರ್ಟ್ ಹೈನ್ರಿಕ್ 1931ರಲ್ಲಿ ಬರೆದ ಅನುಪಾತವನ್ನು ತರಬೇತಿಗಳಲ್ಲಿ ಈಗಲೂ ತೋರಿಸುತ್ತಾರೆ. ಅದನ್ನು ಎಲ್ಲೆಡೆ ಅನ್ವಯಿಸುವ ಲೆಕ್ಕವೆಂದು ನಾನು ನಂಬುವುದಿಲ್ಲ. ನಾನು ಪ್ರತಿ ವರದಿಗೂ ಕೇಳುತ್ತಿದ್ದ ಪ್ರಶ್ನೆ, ಅಲ್ಲಿ ಒಬ್ಬರು ನಿಂತಿದ್ದರೆ ಏನಾಗುತ್ತಿತ್ತು ಎಂಬುದು. ಸುಮಾರು ಒಂದು ಕಿಲೋ ತೂಕದ ಸ್ಕಾಫೋಲ್ಡಿಂಗ್ ಕ್ಲಾಂಪ್ 20 ಮೀಟರ್ ಮೇಲಿನಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಖಾಲಿ ಜಾಗದಲ್ಲಿ ಬಿದ್ದ ಅಂಥ ಒಂದು ಕ್ಲಾಂಪನ್ನು ಕಚೇರಿಗೆ ತಂದು ನನ್ನ ಮೇಜಿನ ಮೇಲಿಟ್ಟ ಸೆಂಟ್ರಿಂಗ್ ಕೆಲಸದ ತಮ್ಮನಿಗೂ ಇಂದು ಧನ್ಯವಾದ ಹೇಳುತ್ತೇನೆ. ಆ ಮಹಡಿಯ ಅಂಚಿಗೆ ಸಾಮಾನು ಕೆಳಗೆ ಬೀಳದಂತೆ ತಡೆಯುವ ಟೋ ಬೋರ್ಡ್ ಬಂದದ್ದು ಅವನಿಂದ.

ನನ್ನ ಸ್ಥಾನಕ್ಕೆ ಬರುತ್ತಿರುವವರಿಗೆ ನಿಯರ್ ಮಿಸ್ ಪುಸ್ತಕವನ್ನು ಒಪ್ಪಿಸಿದ್ದೇನೆ. ಅದರಲ್ಲಿ ಎರಡು ವರದಿಗಳು ಇನ್ನೂ ಮುಗಿದಿಲ್ಲ. ಒಂದು, ಕಾಲುವೆಗಳ ನಕ್ಷೆ ವಾರಕ್ಕೊಮ್ಮೆ ಮಾತ್ರ ತಿದ್ದುಪಡಿಯಾಗುತ್ತಿರುವುದರಿಂದ ನಡುವೆ ಮುಚ್ಚಿದ ಕಾಲುವೆಗಳು ಅದರಲ್ಲಿ ಕಾಣುವುದಿಲ್ಲ ಎಂದು ಒಬ್ಬ ಸಿಗ್ನಲ್‌ಮನ್ ಹೇಳಿದ್ದು. ಇನ್ನೊಂದು, ರಾತ್ರಿ ಪಾಳಿಯಲ್ಲಿ ಔಟ್‌ರಿಗರ್ ಪಾದಗಳ ಬಳಿ ಬಿರುಕು ಕಾಣುವಷ್ಟು ಬೆಳಕಿಲ್ಲ ಎಂದು ಒಬ್ಬ ಆಪರೇಟರ್ ಹೇಳಿದ್ದು. ಇಬ್ಬರೂ ಈ ಸಭೆಯಲ್ಲಿದ್ದಾರೆ, ಇಬ್ಬರೂ ಉತ್ತರಕ್ಕಾಗಿ ಕಾಯುತ್ತಿದ್ದಾರೆ. ಅವರಿಗೂ, ನಿಮ್ಮೆಲ್ಲರಿಗೂ ನನ್ನ ಹೃತ್ಪೂರ್ವಕ ಧನ್ಯವಾದಗಳು.