ಕಾಸ್ಟಿಕ್ ಸೋಡಾ ಹಾಳೆ: ಮತ್ತೆ ತಿದ್ದಬೇಕು

ಎಲ್ಲರೂ ನೋಡಿ, ಕಾಸ್ಟಿಕ್ ಸೋಡಾ ಸುರಕ್ಷತಾ ಹಾಳೆಯ ಅನುವಾದದಲ್ಲಿ H314 ಅನ್ನುವ ಅಪಾಯ ಸೂಚನೆಗೆ ‘ಚರ್ಮ ಉರಿಯುತ್ತದೆ’ ಅಂತ ಬಂದಿದೆ. ಬರೀ ಉರಿ ಅಂದರೆ ಓದುವವರು ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ ಅಂದುಕೊಳ್ಳುತ್ತಾರೆ, ಅಲ್ವಾ? ಅದು H315ರ ಮಟ್ಟ. ಇಲ್ಲಿ ‘ಚರ್ಮಕ್ಕೆ ತೀವ್ರ ಸುಟ್ಟ ಗಾಯ ಮತ್ತು ಕಣ್ಣಿಗೆ ಹಾನಿ ಮಾಡುತ್ತದೆ’ ಅಂತಲೇ ಇರಲಿ. ‘ಮಾಡಬಹುದು’ ಬೇಡ, ಮೂಲದಲ್ಲಿ ಆ ಅನುಮಾನವೇ ಇಲ್ಲ.

ಇನ್ನು P331 ಅನ್ನುವ ಮುನ್ನೆಚ್ಚರಿಕೆ ಸೂಚನೆ. ‘ವಾಂತಿ ಮಾಡಬೇಡಿ’ ಅಂತ ಬರೆದಿದ್ದೀರಿ, ಅದು ನುಂಗಿದವರಿಗೆ ಹೇಳಿದ ಹಾಗಾಯಿತು. ಮಾತು ಪಕ್ಕದಲ್ಲಿರುವವರಿಗೆ: ‘ವಾಂತಿ ಮಾಡಿಸಬೇಡಿ’. ಒಂದು ‘ಇಸು’ ಅಷ್ಟೇ, ಆದರೆ ಯಾರಾದರೂ ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದರೆ ಅನ್ನನಾಳ ಎರಡನೇ ಸಲ ಸುಡುತ್ತದೆ.

P405 ‘ಮುಚ್ಚಿಡಿ’ ಅಲ್ಲ, ‘ಬೀಗ ಹಾಕಿಡಿ’. ಮುಚ್ಚಳ ಬಿಗಿಯಾಗಿರಲಿ ಅನ್ನುವುದು P233, ಅದೇ ಬೇರೆ.